ಕನ್ನಡಿ ಬಿಲ್ಲೆ ಇಪ್ಪತ್ನಾಲ್ಕು

ಕೊಟ್ಟೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಕಪ್ಪು-ಬಿಳುಪಿನ ಕಾಲದಲ್ಲಿ ತೆರೆದದ್ದು, ಮೊಬೈಲು ಫೋನು ಎಲ್ಲರ ಕೈಗೂ ಬಂದ ಮೇಲೆ ಮುಚ್ಚಿದ್ದು. ಆ ಕಾಲದಲ್ಲಿ ನಮ್ಮ ಕಸುಬಿನ ಅರ್ಧ ಮರ್ಯಾದೆ ಕ್ಯಾಮೆರಾದಲ್ಲಿದ್ದರೆ ಉಳಿದರ್ಧ ಪೆನ್ಸಿಲಿನಲ್ಲಿ ಇರುತ್ತಿತ್ತು. ನೆಗೆಟಿವನ್ನು ಇಳಿಜಾರಾದ ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಅದರ ಮೇಲೆ ಗೀಚುತ್ತಿದ್ದೆವು. ಮುಖದ ಮೇಲಿನ ಕಪ್ಪು ಕಲೆ ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲು ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಪ್ರಿಂಟು ಹಾಕುವಾಗ ಬೆಳಕನ್ನು ಒಂದೆರಡು ಸೆಕೆಂಡು ಕಡಿಮೆ ಕೊಟ್ಟರೆ ಬಣ್ಣವೂ ಒಂದು ಮಟ್ಟ ಬೆಳ್ಳಗಾಗುತ್ತಿತ್ತು.

ಹೆಣ್ಣು ತೋರಿಸುವ ಫೋಟೋಗಳಿಗೆ ನಾನು ಇದನ್ನು ಕೇಳದೆಯೇ ಮಾಡಿಕೊಡುತ್ತಿದ್ದೆ. ಅದು ಉಪಕಾರ ಎಂದೇ ತಿಳಿದಿದ್ದೆ. ಹೀಗೆ ಒಮ್ಮೆ ಒಬ್ಬ ಹುಡುಗಿಯ ಕೆನ್ನೆಯ ಮೇಲಿದ್ದ ದೊಡ್ಡ ಮಚ್ಚೆಯನ್ನು ಅಳಿಸಿದೆ. ಫೋಟೋ ನೋಡಿ ಒಪ್ಪಿದ ಗಂಡಿನವರು ಮನೆಗೆ ಬಂದರು, ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಿದರು, ಎದ್ದು ಹೋದರು. ಮರುದಿನ ಹುಡುಗಿಯ ತಂದೆ ನನ್ನ ಅಂಗಡಿಗೆ ಬಂದು ಫೋಟೋವನ್ನು ಟೇಬಲ್ಲಿನ ಮೇಲಿಟ್ಟು, "ತಮ್ಮಾ, ನೀನು ನನ್ನ ಮಗಳ ಫೋಟೋ ತಗದಿಲ್ಲ. ಬ್ಯಾರೆ ಯಾರದೋ ತಗದೀಯ" ಎಂದರು. ಜಗಳವಾಡಲಿಲ್ಲ, ದುಡ್ಡು ವಾಪಸು ಕೇಳಲಿಲ್ಲ. ಆ ಮಾತು ಮಾತ್ರ ಉಳಿಯಿತು. ಮಚ್ಚೆ ಇರುವ ಫೋಟೋ ಕಳಿಸಿದ್ದರೆ ಅವರು ಬಾರದೆ ಇರಬಹುದಿತ್ತು. ಆದರೆ ಎದುರಿಗೆ ಬಂದು ನೋಡಿ ಎದ್ದು ಹೋಗುವ ಅವಮಾನ ಆ ಹುಡುಗಿಗೆ ಆಗುತ್ತಿರಲಿಲ್ಲ.

ಇಷ್ಟು ವರ್ಷದ ಮೇಲೆ ಇದು ಮತ್ತೆ ನೆನಪಾಗಲು ಕಾರಣ ನನ್ನ ತಂಗಿಯ ಮಗಳು. ಹರಪನಹಳ್ಳಿಯಲ್ಲಿ ಡಿಗ್ರಿ ಓದುತ್ತಾಳೆ. ನಮ್ಮ ಕಡೆ, ಅಂದರೆ ಹಿಂದೆ ಕೋಗಳಿ ನಾಡು ಎಂದು ಕರೆಯುತ್ತಿದ್ದ ಈ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಮುತ್ತ ಲಂಬಾಣಿ ತಾಂಡಾಗಳು ಬಹಳ. ಅಂಥ ಒಂದು ತಾಂಡಾದ ಹೆಣ್ಣುಮಕ್ಕಳು ಕೈಯಿಂದ ಕಸೂತಿ ಹಾಕಿದ ಹೆಗಲು ಚೀಲಗಳನ್ನು ಇವಳು ಮೊಬೈಲಿನಲ್ಲಿ ಚಿತ್ರ ಹಾಕಿ ಮಾರಿಕೊಡುತ್ತಾಳೆ. ಚೀಲಕ್ಕೆ ಒಂಬೈನೂರು ರೂಪಾಯಿ. ಅಂಚೆ ಖರ್ಚು ಕಳೆದು ಬಹುಪಾಲು ಹೊಲಿದವರಿಗೇ ಹೋಗುತ್ತದೆ. ಮನೆಗೆಲಸ, ಹೊಲದ ಕೆಲಸ ಮುಗಿಸಿಕೊಂಡು ಹೊಲಿಯುವ ಆ ಹೆಂಗಸರಿಗೆ ಒಂದು ಚೀಲಕ್ಕೆ ಎಂಟು ಹತ್ತು ದಿನ ಬೇಕು.

ಕಳೆದ ವರ್ಷ ದೀಪಾವಳಿಗೆ ಮುಂಚೆ ಅವಳು ಹಾಕಿದ ಒಂದು ಚಿತ್ರಕ್ಕೆ ವಾರದಲ್ಲಿ ಹನ್ನೆರಡು ಚೀಲಕ್ಕೆ ಬೇಡಿಕೆ ಬಂತು. ಹನ್ನೆರಡೂ ಹೋದವು. ಐದು ವಾಪಸು ಬಂದವು. ಮುಖ ಸಣ್ಣಗೆ ಮಾಡಿಕೊಂಡು ನಮ್ಮ ಮನೆಗೆ ಬಂದವಳು, "ಮಾಮಾ, ನಾನೇನು ಸುಳ್ಳು ಹೇಳೀನಿ? ಅದ ಚೀಲ, ಅದ ಫೋಟೋ. ಸ್ವಲ್ಪ ಚೆಂದ ಮಾಡೀನಿ, ಅಷ್ಟ" ಎಂದಳು.

"ಚೀಲಾನೂ ತಾ, ಫೋಟೋನೂ ತಾ" ಎಂದೆ. ಹಳೆಯ ಸ್ಟುಡಿಯೋದ ಭೂತಗನ್ನಡಿಯನ್ನು ಹುಡುಕಿ ತೆಗೆದೆ. ಚೀಲವನ್ನು ಬಾಗಿಲ ಬೆಳಕಿನಲ್ಲಿಟ್ಟು, ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಕುಳಿತೆವು. ಚೀಲ ಕೊಂಡವರ ದೂರು ಮೂರು ಬಗೆಯದಾಗಿತ್ತು: ಬಣ್ಣ ಬೇರೆ, ಅಳತೆ ಬೇರೆ, ಕಸೂತಿಯೇ ಬೇರೆ.

ಮೊದಲು ಬಣ್ಣ. ಬಟ್ಟೆ ಇಟ್ಟಿಗೆಗೆಂಪು; ಚಿತ್ರದಲ್ಲಿ ಅದು ಹೆಚ್ಚುಕಡಿಮೆ ರಾಣಿ ಬಣ್ಣ. ಅವಳು ಬಣ್ಣ ಬದಲಿಸಿರಲಿಲ್ಲ. ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದಿದ್ದಳು, ಆಮೇಲೆ ಚಿತ್ರವನ್ನು ಕಳೆಗಟ್ಟಿಸುವ ಒಂದು ಗುಂಡಿ ಒತ್ತಿದ್ದಳು. ಇಲ್ಲಿ ನಡೆಯುವುದು ಇಷ್ಟು. ಕ್ಯಾಮೆರಾಕ್ಕೆ ಬಿಳಿ ಯಾವುದು ಎಂದು ಗೊತ್ತಿರುವುದಿಲ್ಲ. ಎದುರಿಗೆ ಕಂಡದ್ದನ್ನು ನೋಡಿ ಊಹೆ ಮಾಡುತ್ತದೆ. ಚೌಕಟ್ಟಿನ ತುಂಬ ಕೆಂಪು ಬಟ್ಟೆಯೇ ಇದ್ದರೆ ಬೆಳಕೇ ಕೆಂಪಗಿದೆ ಎಂದು ತಿಳಿದು ಸ್ವಲ್ಪ ನೀಲಿ-ಹಸಿರು ಬೆರೆಸಿ ಸರಿದೂಗಿಸಲು ಹೋಗುತ್ತದೆ. ಟ್ಯೂಬ್‌ಲೈಟಿನ ನೀಲಿ ಛಾಯೆ ಅದರ ಜೊತೆಗೆ. ಹೀಗೆ ಮೊದಲೇ ದಾರಿ ತಪ್ಪಿದ ಬಣ್ಣವನ್ನು ಆ ಗುಂಡಿ ಇನ್ನಷ್ಟು ಗಾಢ ಮಾಡಿತು. ಮೂರು ಸಣ್ಣ ತಪ್ಪು ಸೇರಿ ಒಂದು ದೊಡ್ಡ ಸುಳ್ಳಾಯಿತು, ಯಾರೂ ಸುಳ್ಳು ಹೇಳದೆ.

ಇದಕ್ಕೆ ಔಷಧ ಹಳೆಯದೇ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿಲು ನೇರ ಬೀಳದ ಜಗುಲಿಯಲ್ಲೋ ಬಾಗಿಲ ಬಳಿಯೋ ವಸ್ತುವನ್ನಿಡಬೇಕು. ಒಳಗಿನ ದೀಪ ಆರಿಸಬೇಕು, ಏಕೆಂದರೆ ಎರಡು ಬಗೆಯ ಬೆಳಕು ಬೆರೆತರೆ ಒಂದನ್ನು ಸರಿಮಾಡಲು ಹೋದಾಗ ಇನ್ನೊಂದು ಕೆಡುತ್ತದೆ. ಚೀಲದ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಬೇಕು. ತಿದ್ದುವಾಗ ಕಣ್ಣು ಚೀಲದ ಮೇಲಲ್ಲ, ಹಾಳೆಯ ಮೇಲಿರಬೇಕು. ಹಾಳೆಯಲ್ಲಿ ನೀಲಿಯೂ ಇಲ್ಲದೆ ಹಳದಿಯೂ ಇಲ್ಲದೆ ಬರಿಯ ಬಿಳಿ ಕಂಡಾಗ ಕೈ ನಿಲ್ಲಿಸಬೇಕು. ಚೀಲ ಆಗ ಹೇಗೆ ಕಾಣುತ್ತದೋ ಅದೇ ಅದರ ಬಣ್ಣ. ಆಮೇಲೆ ಹಾಳೆ ಇರುವ ಅಂಚನ್ನು ಕತ್ತರಿಸಿಕೊಳ್ಳಬಹುದು. ಗಾಢ ಕೆಂಪು ಮತ್ತೊಂದು ತೊಂದರೆ ಕೊಡುತ್ತದೆ: ಬೆಳಕು ಸ್ವಲ್ಪ ಹೆಚ್ಚಾದರೂ ಕ್ಯಾಮೆರಾದಲ್ಲಿ ಕೆಂಪು ತುಂಬಿ ಚೆಲ್ಲಿ, ನೇಯ್ಗೆಯ ಎಳೆಗಳೇ ಮಾಯವಾಗಿ ಬಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಹಾಗೆ ಕಂಡರೆ ಬೆಳಕು ತಗ್ಗಿಸಿ ಮತ್ತೆ ತೆಗೆಯುವುದೇ ಸರಿ. ಕಳೆದುಹೋದ ಎಳೆಯನ್ನು ಯಾವ ತಿದ್ದುಪಡಿಯೂ ಮರಳಿ ತರಲಾರದು.

ಇಷ್ಟು ಮಾಡಿದರೂ ನೋಡುವವರ ಫೋನಿನ ಪರದೆಯಲ್ಲಿ ಅದೇ ಬಣ್ಣ ಕಂಡೀತು ಎಂಬ ಭರವಸೆಯಿಲ್ಲ. ಆದ್ದರಿಂದ ಬಣ್ಣದ ಹೆಸರನ್ನು ಮಾತಿನಲ್ಲೂ ಬರೆಯಬೇಕು. "ಆಕರ್ಷಕ ಕೆಂಪು" ಎಂದಲ್ಲ, "ಇಟ್ಟಿಗೆಗೆಂಪು" ಎಂದು.

ಎರಡನೆಯದು ಅಳತೆ. ಚೀಲ ಹದಿನಾಲ್ಕು ಅಂಗುಲ ಅಗಲ, ಹದಿನೈದು ಅಂಗುಲ ಎತ್ತರ. ಅವಳು ಬರೆದೂ ಇದ್ದಳು. ಆದರೆ ಬರೆದದ್ದನ್ನು ಯಾರು ಓದುತ್ತಾರೆ? ಚಿತ್ರದಲ್ಲಿ ಚೀಲವನ್ನು ಹಂಪಿಯದೇ ಎನ್ನಿಸುವ ಕಲ್ಲಿನ ಮಂಟಪದ ಕಟ್ಟೆಯ ಮೇಲಿಟ್ಟಂತಿತ್ತು. ಹಿನ್ನೆಲೆಯನ್ನು ಕಂಪ್ಯೂಟರು ರಚಿಸಿಕೊಟ್ಟಿತ್ತು. ಹಿಂದಿನ ಕಂಬದ ಪಕ್ಕದಲ್ಲಿ ಚೀಲ ನೋಡಿದರೆ ಎರಡು ದಿನದ ಬಟ್ಟೆ ತುಂಬಿಕೊಂಡು ಊರಿಗೆ ಹೋಗಬಹುದು ಎನಿಸುತ್ತಿತ್ತು. ಕಂಬದ ದಪ್ಪ ಎಷ್ಟೆಂದು ಆ ಯಂತ್ರಕ್ಕೆ ಗೊತ್ತಿಲ್ಲ; ಚೀಲ ಎಷ್ಟು ದೊಡ್ಡದೆಂದೂ ಗೊತ್ತಿಲ್ಲ. ನೋಡುವವರ ಕಣ್ಣು ಮಾತ್ರ ಒಂದನ್ನು ನೋಡಿ ಇನ್ನೊಂದನ್ನು ಅಳೆಯುತ್ತದೆ.

ಮೂಲ ಫೋಟೋದಲ್ಲೂ ಒಂದು ದೋಷವಿತ್ತು. ಫೋನನ್ನು ಚೀಲಕ್ಕೆ ಒಂದಡಿ ಹತ್ತಿರ ಹಿಡಿದಿದ್ದಳು. ಫೋನಿನ ಮುಖ್ಯ ಮಸೂರ ಅಗಲ ನೋಟದ್ದು. ಹತ್ತಿರ ಹೋದರೆ ಮುಂದಿನ ಭಾಗ ಉಬ್ಬಿ ಹಿಂದಿನದು ಕುಗ್ಗುತ್ತದೆ. ಐದಾರು ಅಡಿ ಹಿಂದೆ ಸರಿದು ಎರಡು ಪಟ್ಟು ಹತ್ತಿರ ಮಾಡಿಕೊಂಡು ತೆಗೆದರೆ ಆಕಾರ ನೇರವಾಗಿ ಬರುತ್ತದೆ. ಹೆಗಲಿಗೆ ಹಾಕಿಕೊಂಡು ನಿಂತ ಒಬ್ಬ ಮನುಷ್ಯರ ಚಿತ್ರ ಒಂದು, ಟೇಪು ಹಿಡಿದ ಚಿತ್ರ ಒಂದು ಇದ್ದರೆ ಅಳತೆಯ ಜಗಳ ಮುಗಿಯಿತು. ಆದರೆ ಆ ಮನುಷ್ಯರೂ ನಿಜವಾಗಿರಬೇಕು. ಕಂಪ್ಯೂಟರು ರಚಿಸಿದ ಹುಡುಗಿಯ ಹೆಗಲಿಗೆ ಚೀಲ ತೂಗುಹಾಕಿದರೆ ಅವಳ ಎತ್ತರ ಯಾರಿಗೆ ಗೊತ್ತು?

ಮೂರನೆಯದು ಕಸೂತಿ. ಇದು ನನಗೂ ಮೊದಲು ಕಾಣಲಿಲ್ಲ. ಚಿತ್ರ ನೋಡಿದರೆ ಕಸೂತಿ, ಚೀಲ ನೋಡಿದರೂ ಕಸೂತಿ. ಎಣಿಸು ಎಂದೆ. ಚೀಲದ ಮೇಲೆ ಕನ್ನಡಿ ಬಿಲ್ಲೆ ಇಪ್ಪತ್ನಾಲ್ಕು. ಚಿತ್ರದಲ್ಲಿ ಮೂವತ್ತೊಂದು! ಕೆಳಗಿನ ಅಂಚಿನಲ್ಲಿ ಕವಡೆಗಳ ಸಾಲೊಂದು ಬೇರೆ ಇತ್ತು. ಚೀಲಕ್ಕೆ ಕವಡೆಯೇ ಇರಲಿಲ್ಲ. ಹುಡುಗಿ ಗಾಬರಿಯಾದಳು. "ನಾ ಹಿನ್ನೆಲೆ ಅಷ್ಟ ಬದಲಿ ಮಾಡು ಅಂದಿದ್ದೆ ಮಾಮಾ!"

ಅವಳು ಅಂದದ್ದು ನಿಜ. ಆದರೆ ಇಂಥ ಅನೇಕ ಉಪಕರಣಗಳು ಕತ್ತರಿ-ಗೋಂದಿನ ಕೆಲಸ ಮಾಡುವುದಿಲ್ಲ. ಕೊಟ್ಟ ಚಿತ್ರವನ್ನು ನೋಡಿಕೊಂಡು ಇಡೀ ಚಿತ್ರವನ್ನೇ ಹೊಸದಾಗಿ ಬರೆಯುತ್ತವೆ, ಚೀಲವನ್ನೂ ಸೇರಿಸಿ. ಹಾಗೆ ಬರೆಯುವಾಗ ಈ ಚೀಲದ ಈ ದಾರವನ್ನು ಅವು ನಕಲು ಮಾಡುವುದಿಲ್ಲ. ಹಿಂದೆ ಕಂಡ ಸಾವಿರಾರು ಕಸೂತಿ ಚಿತ್ರಗಳಿಂದ ಕಸೂತಿ ಸಾಮಾನ್ಯವಾಗಿ ಹೇಗಿರುತ್ತದೋ ಹಾಗೆ ತುಂಬುತ್ತವೆ. ಲಂಬಾಣಿ ಕಸೂತಿಯಲ್ಲಿ ಕವಡೆ ಇರುವುದು ಸಾಮಾನ್ಯ, ಆದ್ದರಿಂದ ಕವಡೆ ಬಂತು. ಚಿತ್ರ ಸ್ವಚ್ಛ ಮಾಡುವ, ಚುರುಕು ಮಾಡುವ ಗುಂಡಿಗಳಲ್ಲೂ ಕೆಲವು ಹೀಗೆಯೇ ಇಲ್ಲದ ವಿವರವನ್ನು ಬರೆದುಬಿಡುತ್ತವೆ.

ಆ ಭಾನುವಾರ ತಾಂಡಾಕ್ಕೆ ಹೋದೆವು. ಆ ಚೀಲ ಹೊಲಿದ ಮುದುಕಿಯನ್ನು ಹುಡುಗಿ ಅವರ ಭಾಷೆಯಲ್ಲೇ ಯಾಡಿ, ಅಂದರೆ ತಾಯಿ, ಎಂದು ಕರೆಯುತ್ತಾಳೆ. ವಾಪಸು ಬಂದ ಚೀಲಗಳನ್ನು ನೋಡಿ ಆಕೆ ಮೊದಲು ತನ್ನದೇ ತಪ್ಪೇನೋ ಎಂದು ಹೊಲಿಗೆಯನ್ನು ತಿರುವಿ ತಿರುವಿ ನೋಡಿದರು. ಕೊಂಡವರೊಬ್ಬರು "ಹೊಲಿದವರು ಕಳ್ಳಾಟ ಆಡಿದ್ದಾರೆ, ಕನ್ನಡಿ ಕಡಿಮೆ ಹಾಕಿದ್ದಾರೆ" ಎಂದು ಬರೆದಿದ್ದರು. ಅದನ್ನು ಹುಡುಗಿ ಅವರಿಗೆ ಓದಿ ಹೇಳಲಿಲ್ಲ. ಫೋನಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಳು. ಮುದುಕಿ ಬೆರಳಿನಿಂದ ಒಂದು ಎಳೆಯನ್ನು ಹಿಂಬಾಲಿಸುತ್ತ ಹೋದರು. ಅದು ಕನ್ನಡಿಯ ಅಂಚಿನಲ್ಲಿ ಎಲ್ಲೋ ಕರಗಿಹೋಯಿತು. "ಈ ದಾರ ಎಲ್ಲಿಂದ ಬಂತು, ಎಲ್ಲಿಗೆ ಹೋತು? ಗಂಟು ಎಲ್ಲಿ? ಇದು ನನ್ನ ಕೈ ಅಲ್ಲವ್ವಾ" ಎಂದರು. ನನಗೆ ನನ್ನ ಟೇಬಲ್ಲಿನ ಮೇಲೆ ಫೋಟೋ ಇಟ್ಟ ಆ ತಂದೆಯ ದನಿ ಕೇಳಿದಂತಾಯಿತು.

ಪರೀಕ್ಷೆ ಮಾಡುವ ರೀತಿಯನ್ನು ಆ ಮುದುಕಿಯೇ ಹೇಳಿಕೊಟ್ಟರು ಎನ್ನಬೇಕು. ಮೂಲ ಚಿತ್ರವನ್ನೂ ತಿದ್ದಿದ ಚಿತ್ರವನ್ನೂ ಒಂದೇ ಮೂಲೆಗೆ ದೊಡ್ಡದು ಮಾಡಿ ಅಕ್ಕಪಕ್ಕ ಇಡಿ. ಎಣಿಸಬಹುದಾದದ್ದನ್ನೆಲ್ಲ ಎಣಿಸಿ: ಕನ್ನಡಿ, ಗುಂಡಿ, ಗೊಂಡೆ. ಒಂದು ದಾರವನ್ನು ಹಿಡಿದು ಕೊನೆಯವರೆಗೆ ಹೋಗಿ. ಕನ್ನಡಿ ಬಿಲ್ಲೆಗಳನ್ನು ನೋಡಿ: ನಿಜವಾದವು ಬಟ್ಟೆಯ ಮೇಲೆ ಒಂದೊಂದು ಒಂದೊಂದು ಓರೆಯಲ್ಲಿ ಕೂತಿರುತ್ತವೆ, ಒಂದರಲ್ಲಿ ಆಕಾಶ, ಇನ್ನೊಂದರಲ್ಲಿ ಬಾಗಿಲು, ಮತ್ತೊಂದರಲ್ಲಿ ಫೋಟೋ ತೆಗೆಯುವವರ ನೆರಳು. ಎಲ್ಲ ಬಿಲ್ಲೆಯಲ್ಲೂ ಒಂದೇ ಥರದ ನಕ್ಷತ್ರ ಮಿನುಗಿದರೆ ಅನುಮಾನ ಪಡಿ.

ಹಿನ್ನೆಲೆ ಬದಲಿಸಲೇಬೇಕಾದರೆ ದಾರಿ ಉಂಟು. ಹಿನ್ನೆಲೆಯನ್ನು ಬೇರೆಯಾಗಿ ಮಾಡಿಕೊಂಡು, ಮೂಲ ಫೋಟೋದಿಂದ ಚೀಲವನ್ನಷ್ಟೇ ಅಂಚಿನ ಗುಂಟ ಕತ್ತರಿಸಿ ಅದರ ಮೇಲೆ ಒಂದು ಪದರವಾಗಿ ಕೂಡಿಸಬೇಕು. ಆಗ ಚೀಲದ ಒಂದು ಚುಕ್ಕೆಯನ್ನೂ ಯಂತ್ರ ಮುಟ್ಟಿರುವುದಿಲ್ಲ. ಚಿತ್ರದ ಕೆಳಗೆ "ಹಿನ್ನೆಲೆ ಕಂಪ್ಯೂಟರ್ ರಚನೆ, ಚೀಲದ ಫೋಟೋ ನಿಜದ್ದು" ಎಂದು ಬರೆಯಬೇಕು. ಆದರೂ ಕಲ್ಲಿನ ಮಂಟಪ ಬೇಡ ಎಂದೆ. ಅದು ಅಳತೆಯನ್ನೂ ಕೆಡಿಸುತ್ತದೆ, ಚೀಲ ಹಂಪಿಯದು ಎಂಬ ಭಾವನೆಯನ್ನೂ ಹುಟ್ಟಿಸುತ್ತದೆ.

ಊರಿನ ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಹುಡುಗಿ ಚಿತ್ರದ ಮೇಲೆ "ಸಂಡೂರು ಲಂಬಾಣಿ ಕಸೂತಿ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಸಂಡೂರಿನ ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ ಕೆಲಸಕ್ಕೆ ದೊಡ್ಡ ಹೆಸರಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅವರ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನಮ್ಮ ತಾಂಡಾದ ಚೀಲ ಅಲ್ಲಿಯದಲ್ಲ. ಹೊಲಿಗೆ ಒಂದೇ ಕುಲದ್ದಾದರೂ ಆ ಹೆಸರು ಇವಳು ಬಳಸುವಂಥದ್ದಲ್ಲ. ಚಿತ್ರದ ಮೇಲಿನ ಅಕ್ಷರವೂ ಚಿತ್ರದ ಭಾಗವೇ.

ಹುಡುಗಿ ಸುಲಭಕ್ಕೆ ಒಪ್ಪುವವಳಲ್ಲ. "ಫೋನಿನಾಗ ಚೀಲದ ಚೆಂದ ಬರೋದ ಇಲ್ಲ ಮಾಮಾ. ಇದ್ದದ್ದನ್ನ ತೋರ್ಸಾಕ ಸ್ವಲ್ಪ ಸಹಾಯ ಮಾಡಿದ್ರ ತಪ್ಪೇನು?" ಎಂದಳು. ಪ್ರಶ್ನೆ ನ್ಯಾಯವಾದದ್ದು, ಹಳೆಯದೂ ಹೌದು. ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಸೂಪಿನ ಕಂಪನಿ ಇದೇ ವಾದ ಹೂಡಿತ್ತು. ಸೂಪನ್ನು ಬಟ್ಟಲಿಗೆ ಸುರಿದರೆ ತರಕಾರಿ ತುಂಡುಗಳು ತಳಕ್ಕೆ ಇಳಿದು ಮೇಲೆ ಬರೀ ತಿಳಿ ಕಾಣುತ್ತದೆ. ಆದ್ದರಿಂದ ಜಾಹೀರಾತಿನ ಚಿತ್ರ ತೆಗೆಯುವಾಗ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿದರು. ತರಕಾರಿ ಮೇಲೆ ನಿಂತಿತು. ಹೊರಗಿನಿಂದ ಒಂದು ತುಂಡೂ ಸೇರಿಸಿರಲಿಲ್ಲ. ಆದರೂ ಚಿತ್ರ ನೋಡಿದವರಿಗೆ ಇರುವುದಕ್ಕಿಂತ ಹೆಚ್ಚು ತರಕಾರಿ ಇದೆ ಎನಿಸಿತು. ಅಲ್ಲಿನ ವ್ಯಾಪಾರ ಆಯೋಗದ ಮುಂದೆ ದೂರು ಹೋಗಿ, 1970ರಲ್ಲಿ ಕಂಪನಿ ಇನ್ನು ಹೀಗೆ ಮಾಡುವುದಿಲ್ಲ ಎಂಬ ಆದೇಶಕ್ಕೆ ಒಪ್ಪಬೇಕಾಯಿತು. ತರಕಾರಿ ಇದೆ ಎಂದು ತೋರಿಸಲು ಒಂದು ಸೌಟಿನಲ್ಲಿ ಮೇಲೆತ್ತಿ ತೋರಿಸಿದ್ದರೆ ಸಾಕಿತ್ತು.

ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಸ್ತುವನ್ನು ಸುಳ್ಳಾಗಿ ಬಣ್ಣಿಸುವುದನ್ನೂ, ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚುವುದನ್ನೂ ದಾರಿ ತಪ್ಪಿಸುವ ಜಾಹೀರಾತು ಎನ್ನುತ್ತದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ: ದಾರಿ ತಪ್ಪಿಸುವ ಹೇಳಿಕೆಯನ್ನು ಕೆಳಗಿನ ಟಿಪ್ಪಣಿಯಿಂದ ಸರಿಪಡಿಸಲು ಹೋಗಬಾರದು. ಅಂದರೆ ಮೊದಲ ಚಿತ್ರದಲ್ಲಿ ಮೂವತ್ತೊಂದು ಕನ್ನಡಿ ತೋರಿಸಿ, ಕೆಳಗೆ ಸಣ್ಣಕ್ಷರದಲ್ಲಿ "ಚಿತ್ರಕ್ಕೂ ವಸ್ತುವಿಗೂ ವ್ಯತ್ಯಾಸವಿರಬಹುದು" ಎಂದು ಬರೆದರೆ ಪಾರಾಗಲಾಗದು. ಜನ ಮೊದಲ ಚಿತ್ರ ನೋಡಿಯೇ ದುಡ್ಡು ಕಳಿಸುವುದು.

ಹಾಗಾದರೆ ಏನನ್ನೂ ತಿದ್ದಬಾರದೇ? ತಿದ್ದಬಹುದು. ನೆಗೆಟಿವ್ ಮೇಲೆ ಕೂತ ಧೂಳಿನ ಚುಕ್ಕೆಯನ್ನು ನಾನು ಅಳಿಸಿದ್ದು ಸರಿ. ಕೆನ್ನೆಯ ಮಚ್ಚೆಯನ್ನು ಅಳಿಸಿದ್ದು ತಪ್ಪು. ಧೂಳು ನನ್ನ ನೆಗೆಟಿವಿನದು, ಮಚ್ಚೆ ಆ ಹುಡುಗಿಯದು. ಹುಡುಗಿಗೆ ಇದನ್ನೇ ಬೇರೆ ಮಾತಿನಲ್ಲಿ ಹೇಳಿದೆ: "ಪಾರ್ಸಲ್ ಬಿಚ್ಚಿದಾಗ ಅವರಿಗೆ ಏನು ಸಿಗ್ತದೋ ಅದು ಫೋಟೋದಾಗ ಇರಬೇಕು. ಏನು ಸಿಗೂದಿಲ್ಲೋ ಅದು ಇರಬಾರ್ದು." ನೆಲದ ಮೇಲಿನ ಕಸ ಪಾರ್ಸಲಿನಲ್ಲಿ ಹೋಗುವುದಿಲ್ಲ, ಅಳಿಸಬಹುದು. ಬಟ್ಟೆಯ ನೇಯ್ಗೆಯಲ್ಲಿರುವ ದಪ್ಪ ಎಳೆ ಹೋಗುತ್ತದೆ, ಅದು ಇರಲಿ. ಹೊಸ ಕಂತಿನ ಬಟ್ಟೆ ಸ್ವಲ್ಪ ಬೇರೆ ಕೆಂಪು ಬಂದರೆ ಹಳೆಯ ಫೋಟೋ ಅಲ್ಲಿಗೆ ಮುಗಿಯಿತು, ಹೊಸದನ್ನು ತೆಗೆಯಬೇಕು.

ಐದು ಚೀಲದ ನಾಲ್ಕೂವರೆ ಸಾವಿರ ರೂಪಾಯಿಯನ್ನು ಅವಳು ವಾಪಸು ಕೊಟ್ಟಳು. ಹೊಲಿದವರ ಪಾಲನ್ನು ಹಿಡಿಯಲಿಲ್ಲ. ಅರ್ಧ ಅವಳ ಅಪ್ಪ, ಅರ್ಧ ನಾನು ಸಾಲ ಕೊಟ್ಟೆವು. ಈಗ ತೀರಿಸುತ್ತಿದ್ದಾಳೆ. ಚೀಲ ಕಡಿಮೆ ಸಿಕ್ಕಿತೆಂದು ಬರೆದಿದ್ದವರಿಗೆ "ತಪ್ಪು ನನ್ನ ಚಿತ್ರದ್ದು, ಹೊಲಿದವರದ್ದಲ್ಲ" ಎಂದು ಎಲ್ಲರಿಗೂ ಕಾಣುವಂತೆ ಉತ್ತರ ಬರೆದಳು. ಆ ಸಾಲು ಬರೆಯಲು ಅವಳಿಗೆ ಎರಡು ದಿನ ಹಿಡಿಯಿತು.

ಹೊಸ ಚಿತ್ರವನ್ನು ನಮ್ಮ ಜಗುಲಿಯಲ್ಲೇ ತೆಗೆದೆವು. ಹಿನ್ನೆಲೆ ಸುಣ್ಣದ ಗೋಡೆ. ಬೇಡಿಕೆ ಮೊದಲಿನಂತೆ ಬರಲಿಲ್ಲ. ತಿಂಗಳಿಗೆ ಏಳು ಹೋದವು. ಒಂದು ವಾಪಸು ಬಂತು, ಹಿಡಿಕೆಯ ಉದ್ದ ಸಾಲದೆಂದು. ಅದನ್ನು ನಾವು ಅಳೆದು ತೋರಿಸಿರಲಿಲ್ಲ, ಈಗ ತೋರಿಸುತ್ತೇವೆ.

ಆ ಚಿತ್ರವನ್ನು ಯಾಡಿಗೆ ತೋರಿಸಲು ಹುಡುಗಿ ತಾಂಡಾಕ್ಕೆ ಹೋಗಿದ್ದಳು. ಮುದುಕಿ ಫೋನನ್ನು ಕಣ್ಣ ಬಳಿ ತಂದು, ಎಡಗಡೆಯ ಮೂಲೆಯಲ್ಲಿ ಸ್ವಲ್ಪ ಸೊಟ್ಟಗೆ ಕೂತ ಒಂದು ಕನ್ನಡಿಯ ಮೇಲೆ ಬೆರಳಿಟ್ಟರಂತೆ. "ಇಲ್ಲಿ ಹೊಲಿಯೂ ಮುಂದ ಕರೆಂಟು ಹೋಗಿತ್ತು ನೋಡು" ಎಂದು ನಕ್ಕರಂತೆ.